ಇಡುಗಂಟು ಎಷ್ಟು ವರ್ಷ ಬಾಳೀತು? ಮೊದಲ ಮೂರು ವರ್ಷಗಳ ಲೆಕ್ಕ

ಕೂತು ತಿನ್ನುವವನಿಗೆ ಕುಡಿಕೆ ಹಣ ಸಾಲದು ಎಂಬ ಗಾದೆಯನ್ನು ನಾವು ಸೋಮಾರಿಗಳಿಗೆ ಹೇಳುತ್ತೇವೆ. ಆದರೆ ಮೂವತ್ತು, ನಲವತ್ತು ವರ್ಷ ದುಡಿದು ನಿವೃತ್ತರಾದವರೂ ಒಂದು ದಿನದಿಂದ ಕೂತೇ ತಿನ್ನಬೇಕಾಗುತ್ತದೆ. ಕುಡಿಕೆಯಲ್ಲಿ ಎಷ್ಟಿದೆ ಎಂಬುದು ಅವರಿಗೆ ಗೊತ್ತಿರುತ್ತದೆ, ಎಷ್ಟು ವರ್ಷ ತಿನ್ನಬೇಕು ಎಂಬುದು ಗೊತ್ತಿರುವುದಿಲ್ಲ. ವಿಮಾ ಕಂಪನಿಗೆ ಇಡುಗಂಟನ್ನು ಕೊಟ್ಟು ಆನ್ಯುಟಿ ಕೊಂಡರೆ ಬದುಕಿರುವವರೆಗೂ ಕಂಪನಿ ಹಣ ಕೊಡುತ್ತದೆ. ಆಯಸ್ಸಿನ ಚಿಂತೆ ಅದಕ್ಕೆ ಸೇರುತ್ತದೆ. ಕೊಳ್ಳದೆ ಇಡುಗಂಟನ್ನು ಷೇರು, ಬಾಂಡುಗಳಲ್ಲಿ ಇಟ್ಟುಕೊಂಡು ವರ್ಷವರ್ಷವೂ ತಾವೇ ತೆಗೆದು ಖರ್ಚು ಮಾಡುವವರು ಆ ಚಿಂತೆಯನ್ನು ತಮ್ಮ ಬಳಿಯೇ ಉಳಿಸಿಕೊಳ್ಳುತ್ತಾರೆ. ಅವರು ವರ್ಷಕ್ಕೆ ಎಷ್ಟು ತೆಗೆದರೆ ಕ್ಷೇಮ?

ಈ ಪ್ರಶ್ನೆಗೆ ಹೆಚ್ಚಿನವರು ಕೊಡುವ ಉತ್ತರ ಸರಾಸರಿ ಗಳಿಕೆಯನ್ನು ನಂಬಿದ ಉತ್ತರ. ಅದು ತಪ್ಪುತ್ತದೆ, ಮತ್ತು ಬಹಳ ದೊಡ್ಡ ಅಂತರದಲ್ಲಿ ತಪ್ಪುತ್ತದೆ. ಏಕೆ ಎಂಬುದನ್ನು ಒಂದು ಉದಾಹರಣೆಯಿಂದಲೇ ನೋಡೋಣ.

ಇಬ್ಬರು ಅಕ್ಕತಂಗಿಯರು. ಬೇರೆ ಬೇರೆ ಕಾಲದಲ್ಲಿ ನಿವೃತ್ತರಾದ ಇಬ್ಬರ ಬಳಿಯೂ ಸಮನಾದ ಇಡುಗಂಟಿದೆ. ಅದನ್ನು 100 ಎಂದು ಕರೆಯೋಣ. ಯಾವ ನಾಣ್ಯ, ಎಷ್ಟು ಸೊನ್ನೆ ಎಂಬುದು ಈ ಲೆಕ್ಕಕ್ಕೆ ಬೇಕಿಲ್ಲ. ಇಬ್ಬರೂ ಪ್ರತಿ ವರ್ಷದ ಆರಂಭದಲ್ಲಿ 5 ತೆಗೆದು ಆ ವರ್ಷದ ಖರ್ಚಿಗೆ ಇಟ್ಟುಕೊಳ್ಳುತ್ತಾರೆ. ಇಲ್ಲಿನ ಎಲ್ಲ ಅಂಕಿಗಳೂ ಹಣದುಬ್ಬರವನ್ನು ಕಳೆದ ಅಂಕಿಗಳು. ಅಂದರೆ, ಬೆಲೆಗಳು ಏರಿದಂತೆ ತೆಗೆಯುವ ಮೊತ್ತವೂ ಏರುತ್ತದೆ, 5 ಎಂಬುದು ಇಂದು ಕೊಳ್ಳುವಷ್ಟನ್ನೇ ಇಪ್ಪತ್ತು ವರ್ಷದ ನಂತರವೂ ಕೊಳ್ಳುತ್ತದೆ. ಗಳಿಕೆ 5% ಎಂದರೆ ಹಣದುಬ್ಬರಕ್ಕಿಂತ 5% ಹೆಚ್ಚು ಎಂದರ್ಥ.

ಇಬ್ಬರಿಗೂ ಮೂವತ್ತು ವರ್ಷಗಳಲ್ಲಿ ಸಿಗುವ ಗಳಿಕೆ ಒಂದೇ. ಇಪ್ಪತ್ತೇಳು ವರ್ಷ 5% ಏರಿಕೆ, ಮೂರು ವರ್ಷ ಇಳಿಕೆ: ಒಂದರಲ್ಲಿ 15%, ಉಳಿದೆರಡರಲ್ಲಿ ತಲಾ 10%. ವ್ಯತ್ಯಾಸ ಇಷ್ಟೇ: ಅಕ್ಕನಿಗೆ ಆ ಮೂರು ಕೆಟ್ಟ ವರ್ಷಗಳು ನಿವೃತ್ತಿಯ ಆರಂಭದಲ್ಲೇ ಬರುತ್ತವೆ, ತಂಗಿಗೆ ಕಟ್ಟಕಡೆಯಲ್ಲಿ.

ಇಬ್ಬರೂ ಹಣವನ್ನು ಮುಟ್ಟದೆ ಬಿಟ್ಟಿದ್ದರೆ ಮೂವತ್ತು ವರ್ಷದ ಕೊನೆಗೆ ಇಬ್ಬರ ಬಳಿಯೂ ಸುಮಾರು 257 ಇರುತ್ತಿತ್ತು. ಗುಣಾಕಾರದಲ್ಲಿ ಯಾವ ಸಂಖ್ಯೆ ಮೊದಲು ಬಂದರೂ ಉತ್ತರ ಬದಲಾಗುವುದಿಲ್ಲ. ಚಕ್ರಬಡ್ಡಿಯ ಲೆಕ್ಕದಲ್ಲಿ ಇದು ವರ್ಷಕ್ಕೆ ಸುಮಾರು 3.2% ಸರಾಸರಿ ಗಳಿಕೆ. ಈ 3.2% ಪ್ರತಿ ವರ್ಷವೂ ತಪ್ಪದೆ ಬಂದರೆ, 100ರ ಗಂಟಿನಿಂದ ಮೂವತ್ತು ವರ್ಷ 5.07 ತೆಗೆಯಬಹುದು. ಆದ್ದರಿಂದ ಸರಾಸರಿಯನ್ನು ನಂಬಿದವರು 5 ಕ್ಷೇಮ ಎನ್ನುತ್ತಾರೆ.

ಈಗ ಅಕ್ಕನ ಗಂಟನ್ನು ನೋಡಿ. ಮೊದಲ ವರ್ಷ 5 ತೆಗೆದಾಗ 95 ಉಳಿಯುತ್ತದೆ, 15% ಇಳಿದು 80.75 ಆಗುತ್ತದೆ. ಎರಡನೆಯ ವರ್ಷ ಮತ್ತೆ 5 ತೆಗೆದು 10% ಇಳಿದಾಗ 68.2. ಮೂರನೆಯ ವರ್ಷದ ಕೊನೆಗೆ 56.9. ನಾಲ್ಕನೆಯ ವರ್ಷದಿಂದ ಮಾರುಕಟ್ಟೆ ಚೇತರಿಸಿಕೊಂಡು, ಒಂದೂ ಕೆಟ್ಟ ವರ್ಷವಿಲ್ಲದೆ 5% ಏರುತ್ತಲೇ ಹೋಗುತ್ತದೆ. ಆದರೂ ಹತ್ತೊಂಬತ್ತನೆಯ ವರ್ಷದ ಖರ್ಚಿಗೆ ಹಣ ತೆಗೆದಾಗ ಗಂಟು ಖಾಲಿಯಾಗುತ್ತದೆ. ಇನ್ನೂ ಹನ್ನೊಂದು ವರ್ಷ ಬಾಕಿ.

ತಂಗಿಯ ಬಳಿ ಇಪ್ಪತ್ತೇಳು ವರ್ಷ ಕಳೆದ ಮೇಲೂ 86 ಇರುತ್ತದೆ. ಆಮೇಲೆ ಅದೇ ಮೂರು ಕೆಟ್ಟ ವರ್ಷಗಳು ಬಂದು ಹೋದರೂ ಮೂವತ್ತನೆಯ ವರ್ಷದ ಕೊನೆಗೆ 47 ಉಳಿದಿರುತ್ತದೆ. ಗಳಿಕೆ ಒಂದೇ, ಖರ್ಚು ಒಂದೇ, ಒಬ್ಬರದು ಅರ್ಧ ದಾರಿ ದಾಟಿ ಸ್ವಲ್ಪದರಲ್ಲೇ ಬರಿದು, ಇನ್ನೊಬ್ಬರದು ಅರ್ಧದಷ್ಟು ಉಳಿಕೆ.

ಕಾರಣ ಸರಳವಾಗಿದೆ. ಬೆಲೆ ಬಿದ್ದಿರುವಾಗ ಅದೇ 5 ಪಡೆಯಲು ಹೆಚ್ಚು ಷೇರುಗಳನ್ನು ಮಾರಬೇಕು. ಮಾರಿದ ಷೇರುಗಳು ಮುಂದೆ ಮಾರುಕಟ್ಟೆ ಏರಿದಾಗ ನಮ್ಮ ಕೈಯಲ್ಲಿರುವುದಿಲ್ಲ. ದುಡಿಯುತ್ತಾ ಉಳಿಸುವವರಿಗೆ ಬೆಲೆ ಕುಸಿತ ಅಗ್ಗದಲ್ಲಿ ಕೊಳ್ಳುವ ಕಾಲ, ತೆಗೆದು ತಿನ್ನುವವರಿಗೆ ಅಗ್ಗದಲ್ಲಿ ಮಾರುವ ಕಾಲ. ಮೂವತ್ತು ವರ್ಷ ಹೂಡಿಕೆ ಮಾಡಿ ಅನುಭವ ಪಡೆದವರು ಕೂಡ ಇಲ್ಲಿ ಎಡವುವುದು ಇದಕ್ಕೇ. ಅವರ ಅನುಭವವೆಲ್ಲ ನದಿಗೆ ನೀರು ಸೇರಿಸುತ್ತಿದ್ದ ಕಾಲದ್ದು. ಹಣಕಾಸು ಯೋಜಕರು ಇದನ್ನು ಗಳಿಕೆಯ ಅನುಕ್ರಮದ ಅಪಾಯ ಎಂದು ಕರೆಯುತ್ತಾರೆ. ನಿವೃತ್ತಿಯ ಮೊದಲ ಕೆಲವು ವರ್ಷಗಳಲ್ಲಿ ಇದು ಅತಿ ಹೆಚ್ಚು, ಏಕೆಂದರೆ ಆಗ ಗಂಟು ದೊಡ್ಡದು, ಮುಂದಿರುವ ಖರ್ಚಿನ ವರ್ಷಗಳೂ ಹೆಚ್ಚು.

ಹಾಗಾದರೆ ಇಬ್ಬರೂ ಮೂವತ್ತು ವರ್ಷ ಸರಿಯಾಗಿ ನಡೆಸಲು ಎಷ್ಟು ತೆಗೆಯಬಹುದಿತ್ತು? ಹಿಂದಿನಿಂದ ಲೆಕ್ಕ ಹಾಕಿದರೆ ಅಕ್ಕನಿಗೆ 3.87, ತಂಗಿಗೆ 6.13. ನಿವೃತ್ತಿಯ ದಿನ ತಾನು ಅಕ್ಕನೋ ತಂಗಿಯೋ ಎಂಬುದು ಯಾರಿಗೂ ಗೊತ್ತಿರುವುದಿಲ್ಲ. ಸುರಕ್ಷಿತ ದರ ಎಂಬ ಮಾತಿನ ಅರ್ಥ ಇಲ್ಲಿದೆ: ಅಕ್ಕನ ಪಾಡು ನಮಗೇ ಬಂದರೂ ಉಳಿಯಬಲ್ಲ ದರ.

ಅಮೆರಿಕದ ಹಣಕಾಸು ಯೋಜಕ ವಿಲಿಯಂ ಬೆಂಗೆನ್ 1994ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಮಾಡಿದ್ದು ಇಂಥದೇ ಕೆಲಸ. ಸರಾಸರಿಯನ್ನು ಬದಿಗಿಟ್ಟು, 1926ರಿಂದ ಮುಂದೆ ಒಂದೊಂದು ವರ್ಷದಲ್ಲಿ ನಿವೃತ್ತರಾದವರ ಗಂಟು, ಆಮೇಲೆ ನಿಜವಾಗಿ ಬಂದ ಷೇರು ಗಳಿಕೆ, ಬಾಂಡ್ ಬಡ್ಡಿ ಮತ್ತು ಹಣದುಬ್ಬರದಲ್ಲಿ ಎಷ್ಟು ಕಾಲ ಬಾಳುತ್ತಿತ್ತು ಎಂದು ಅವರು ಲೆಕ್ಕ ಹಾಕಿದರು. ಗಂಟಿನ ಅರ್ಧ ಷೇರಿನಲ್ಲಿ, ಅರ್ಧ ಸರ್ಕಾರಿ ಬಾಂಡಿನಲ್ಲಿ ಇದ್ದರೆ, ಮೊದಲ ವರ್ಷ 4% ತೆಗೆದು ನಂತರ ಆ ಮೊತ್ತವನ್ನು ಹಣದುಬ್ಬರಕ್ಕೆ ತಕ್ಕಂತೆ ಏರಿಸುತ್ತ ಹೋದವರ ಗಂಟು ಅತ್ಯಂತ ಕೆಟ್ಟ ಕಾಲದಲ್ಲೂ ಮೂವತ್ತು ವರ್ಷ ಉಳಿದಿತ್ತು. 1998ರಲ್ಲಿ ಟೆಕ್ಸಸ್‌ನ ಟ್ರಿನಿಟಿ ವಿಶ್ವವಿದ್ಯಾಲಯದ ಮೂವರು ಪ್ರಾಧ್ಯಾಪಕರು, ಫಿಲಿಪ್ ಕೂಲಿ, ಕಾರ್ಲ್ ಹಬ್ಬರ್ಡ್ ಮತ್ತು ಡೇನಿಯಲ್ ವಾಲ್ಜ್, ಇದೇ ಜಾಡಿನಲ್ಲಿ ಲೆಕ್ಕ ಹಾಕಿದ ಮೇಲೆ 4% ನಿಯಮ ಎಂಬ ಹೆಸರು ಜನಜನಿತವಾಯಿತು.

ಆ ಕೆಟ್ಟ ಕಾಲ ಯಾವುದು? ಬಹಳ ಮಂದಿ 1929ರ ಮಹಾಕುಸಿತ ಎಂದುಕೊಳ್ಳುತ್ತಾರೆ. ಅಲ್ಲ, ಬೆಂಗೆನ್ ಅವರ ಲೆಕ್ಕದಲ್ಲಿ ಅತಿ ಹೆಚ್ಚು ಪೆಟ್ಟು ತಿಂದವರು 1960ರ ದಶಕದ ಕೊನೆಯ ಭಾಗದಲ್ಲಿ ನಿವೃತ್ತರಾದವರು. 1929ರ ನಂತರ ಷೇರುಗಳ ಜೊತೆಗೆ ಸಾಮಾನಿನ ಬೆಲೆಯೂ ಇಳಿದಿತ್ತು, ಹೀಗಾಗಿ ನಿವೃತ್ತರು ತೆಗೆಯಬೇಕಾದ ಮೊತ್ತವೂ ಇಳಿಯಿತು. 1966ರಲ್ಲಿ ಹಾಗಾಗಲಿಲ್ಲ. ಆ ವರ್ಷದ ಆರಂಭದಲ್ಲಿ ಅಮೆರಿಕದ ಷೇರು ಬೆಲೆಗಳನ್ನು ಅಳೆಯುವ ಡೌ ಜೋನ್ಸ್ ಸೂಚ್ಯಂಕ 1,000ದ ಹತ್ತಿರ ಇತ್ತು, 1982ರ ಬೇಸಿಗೆಯಲ್ಲೂ 1,000ಕ್ಕಿಂತ ಕೆಳಗೇ ಇತ್ತು. ಈ ಹದಿನಾರು ವರ್ಷಗಳಲ್ಲಿ ಅಮೆರಿಕದ ಗ್ರಾಹಕ ಬೆಲೆ ಸೂಚ್ಯಂಕ ಹೆಚ್ಚುಕಡಿಮೆ ಮೂರು ಪಟ್ಟಾಯಿತು. 1966ರಲ್ಲಿ 4 ತೆಗೆಯುತ್ತಿದ್ದವರು 1982ರಲ್ಲಿ ಅದೇ ಜೀವನಕ್ಕೆ 12ರಷ್ಟು ತೆಗೆಯಬೇಕಾಯಿತು. ಡಿವಿಡೆಂಡ್ ಬರುತ್ತಿತ್ತು ನಿಜ, ಆದರೆ ಗಂಟಿನ ಬೆಲೆ ನಿಂತಲ್ಲೇ ನಿಂತಿತ್ತು. ಕುಸಿತ ಸುದ್ದಿಯಾಗುತ್ತದೆ, ಜನ ಎಚ್ಚರಗೊಳ್ಳುತ್ತಾರೆ. ಹಣದುಬ್ಬರ ಗೆದ್ದಲಿನಂತೆ ಒಳಗೊಳಗೇ ತಿನ್ನುತ್ತದೆ, ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಅದರ ಗುರುತೂ ಕಾಣುವುದಿಲ್ಲ. ನಿವೃತ್ತರು ಹೆಚ್ಚು ಅಂಜಬೇಕಾದದ್ದು ಇದಕ್ಕೇ ಎಂಬುದು ನನ್ನ ನಂಬಿಕೆ.

4% ನಿಯಮವನ್ನು ಜನ ತಪ್ಪಾಗಿ ಓದುವುದೂ ಉಂಟು. ಪ್ರತಿ ವರ್ಷ ಆಗಿನ ಉಳಿಕೆಯ 4% ತೆಗೆಯಿರಿ ಎಂದು ಅದು ಹೇಳುವುದಿಲ್ಲ. ಮೊದಲ ದಿನದ ಗಂಟಿನ 4% ಎಷ್ಟೋ, ಅಷ್ಟನ್ನು ಹಣದುಬ್ಬರಕ್ಕೆ ತಕ್ಕಂತೆ ಏರಿಸುತ್ತ, ಉಳಿಕೆಯ ಕಡೆ ನೋಡದೆ ತೆಗೆಯುವುದು ಆ ನಿಯಮ. ಅದಕ್ಕೆ ಮಿತಿಗಳೂ ಇವೆ. ಮೂವತ್ತು ವರ್ಷಕ್ಕೆ ಮಾಡಿದ ಲೆಕ್ಕ ಅದು. ಐವತ್ತನೆಯ ವಯಸ್ಸಿಗೇ ಕೆಲಸ ಬಿಟ್ಟವರಿಗೆ ಹೊಂದುವುದಿಲ್ಲ. ಅಮೆರಿಕದ ಅಂಕಿಗಳಿಂದ ಮಾಡಿದ್ದು. 2010ರಲ್ಲಿ ವೇಡ್ ಫಾವ್ ಎಂಬ ಸಂಶೋಧಕರು ಇತರ ಮುಂದುವರಿದ ದೇಶಗಳ ಚರಿತ್ರೆಗೆ ಇದೇ ಲೆಕ್ಕ ಹಚ್ಚಿದಾಗ ಹೆಚ್ಚಿನ ಕಡೆ 4% ಕೈಕೊಟ್ಟಿತು. ಹೂಡಿಕೆಯ ಶುಲ್ಕ, ತೆರಿಗೆ ಎರಡನ್ನೂ ಅದು ಕಳೆದಿಲ್ಲ. ನಮ್ಮ ಉದಾಹರಣೆಯಲ್ಲೇ ನೋಡಿ, ವರ್ಷಕ್ಕೆ 1% ಶುಲ್ಕ ಕೊಟ್ಟರೆ ಸರಾಸರಿ ಗಳಿಕೆ 3.2%ರಿಂದ 2.2%ಕ್ಕೆ ಇಳಿಯುತ್ತದೆ, ತೆಗೆಯಬಹುದಾದ ಮೊತ್ತ 5.07ರಿಂದ 4.49ಕ್ಕೆ. ಒಂದು ಶೇಕಡಾ ಎಂದು ಹಗುರವಾಗಿ ಕೇಳುವ ಶುಲ್ಕ ನಿವೃತ್ತರ ವಾರ್ಷಿಕ ಖರ್ಚಿನ ಹತ್ತನೆಯ ಒಂದು ಭಾಗಕ್ಕಿಂತ ಹೆಚ್ಚನ್ನು ನುಂಗುತ್ತದೆ.

ಇಷ್ಟೆಲ್ಲ ಆದರೂ ಆ ನಿಯಮದ ಮೇಲೆ ನನಗಿರುವ ದೊಡ್ಡ ತಕರಾರು ಬೇರೆ. ಅದು ಕಣ್ಣು ಮುಚ್ಚಿಕೊಂಡು ನಡೆಯುವ ನಿಯಮ. ಅಕ್ಕನ ಪಾಡಿನಲ್ಲಿರುವವರು ಗಂಟು ಕರಗುತ್ತಿದ್ದರೂ ಅಷ್ಟೇ ತೆಗೆಯುತ್ತಾರೆ. ತಂಗಿಯ ಪಾಡಿನಲ್ಲಿರುವವರು ಗಂಟು ಬೆಳೆಯುತ್ತಿದ್ದರೂ ಬಿಗಿ ಹಿಡಿದು ಬದುಕಿ, ಅನುಭವಿಸಬಹುದಾಗಿದ್ದ ಹಣವನ್ನು ಹಾಗೆಯೇ ಬಿಟ್ಟು ಹೋಗುತ್ತಾರೆ. ನಿಜವಾದ ಮನುಷ್ಯರು ಹಾಗೆ ನಡೆದುಕೊಳ್ಳುವುದಿಲ್ಲ, ನಡೆದುಕೊಳ್ಳಲೂ ಬಾರದು.

ಅಪಾಯದ ಸುಳಿವು ಬಹಳ ಬೇಗ ಸಿಗುತ್ತದೆ. ಅಕ್ಕನ ಗಂಟು ಖಾಲಿಯಾಗುವುದು ಹತ್ತೊಂಬತ್ತನೆಯ ವರ್ಷದಲ್ಲಿ, ಸುಳಿವು ಸಿಗುವುದು ನಾಲ್ಕನೆಯ ವರ್ಷದ ಮೊದಲ ದಿನ. ಆಗ ಉಳಿಕೆ 56.9, ತೆಗೆಯಬೇಕೆಂದಿರುವುದು 5. ಅಂದರೆ ಉಳಿಕೆಯ 8.8%. ಹೀಗೇ ಇನ್ನೂ ಇಪ್ಪತ್ತೇಳು ವರ್ಷ ಸಾಗಬೇಕಾದರೆ ಹಣದುಬ್ಬರದ ಮೇಲೆ ವರ್ಷಕ್ಕೆ ಸುಮಾರು 8.5% ಗಳಿಕೆ ತಪ್ಪದೆ ಬರಬೇಕು. ಅಂಥ ಭರವಸೆ ಕೊಡುವ ಹೂಡಿಕೆ ಎಲ್ಲೂ ಇಲ್ಲ. ಮೊದಲ ದಿನದ ದರ ಎಷ್ಟಿತ್ತು ಎಂಬುದನ್ನು ಮರೆತು, ಇಂದಿನ ಉಳಿಕೆಯನ್ನು ಇಂದು ಬಾಕಿ ಇರುವ ವರ್ಷಗಳ ಎದುರು ಇಟ್ಟು ನೋಡಿದರೆ ಇದು ಕಣ್ಣಿಗೆ ಕಟ್ಟುತ್ತದೆ.

ಹಾಗೆ ನೋಡುವುದನ್ನೇ ವಿಧಾನವಾಗಿ ಮಾಡಿಕೊಳ್ಳಬಹುದು. ಸಾಲದ ಮಾಸಿಕ ಕಂತನ್ನು ಲೆಕ್ಕ ಹಾಕುವ ಸೂತ್ರವೇ ಇಲ್ಲಿಯೂ ಸಾಕು: ಬ್ಯಾಂಕು ನಮಗೆ ಸಾಲ ಕೊಟ್ಟು ಕಂತುಕಂತಾಗಿ ಹಿಂಪಡೆಯುವಂತೆ, ನಾವು ನಮ್ಮ ಗಂಟಿನಿಂದ ಕಂತುಕಂತಾಗಿ ತೆಗೆದು ಕೊನೆಯ ವರ್ಷಕ್ಕೆ ಸೊನ್ನೆಗೆ ತರುತ್ತೇವೆ. ಲೆಕ್ಕದ ಹಾಳೆಯಲ್ಲಿ ಅದು ಹೀಗಿರುತ್ತದೆ:

```
=PMT(r, n, -B, 0, 1)
```

B ಎಂದರೆ ಇಂದಿನ ಉಳಿಕೆ, n ಎಂದರೆ ಬಾಕಿ ವರ್ಷಗಳು, r ಎಂದರೆ ಹಣದುಬ್ಬರ ಕಳೆದು ನಿರೀಕ್ಷಿಸುವ ವಾರ್ಷಿಕ ಗಳಿಕೆ. ಕೊನೆಯ 1 ಎಂಬುದು ವರ್ಷದ ಆರಂಭದಲ್ಲಿ ಹಣ ತೆಗೆಯುತ್ತೇವೆ ಎಂದು ತಿಳಿಸುತ್ತದೆ. ಈ ಸೂತ್ರವನ್ನು ಮೊದಲ ದಿನ ಮಾತ್ರ ಹಾಕಿ ಸುಮ್ಮನಾದರೆ ಅದೂ ಸರಾಸರಿಯನ್ನು ನಂಬಿದಂತೆಯೇ. ಪ್ರತಿ ವರ್ಷವೂ ಹೊಸ ಉಳಿಕೆಯನ್ನು, ಒಂದು ಕಡಿಮೆಯಾದ ವರ್ಷಗಳ ಸಂಖ್ಯೆಯನ್ನು ಹಾಕಿ ಹೊಸದಾಗಿ ಲೆಕ್ಕ ಮಾಡಬೇಕು.

ಅಕ್ಕ ಹೀಗೆ ಮಾಡಿದ್ದರೆ? r ಅನ್ನು 3% ಎಂದು ಇಟ್ಟುಕೊಳ್ಳೋಣ. ಮೊದಲ ವರ್ಷ ಸೂತ್ರ 4.95 ಎನ್ನುತ್ತದೆ. 15% ಇಳಿಕೆಯಾದ ಮೇಲೆ ಎರಡನೆಯ ವರ್ಷ 4.09. ಮೂರನೆಯ ವರ್ಷ 3.57, ನಾಲ್ಕನೆಯ ವರ್ಷ 3.12. ಅಲ್ಲಿಂದ ಮುಂದೆ ನಿಜವಾದ ಗಳಿಕೆ 5%, ಅಂದುಕೊಂಡದ್ದು 3%. ಈ ವ್ಯತ್ಯಾಸದಿಂದ ತೆಗೆಯುವ ಮೊತ್ತ ವರ್ಷಕ್ಕೆ ಸುಮಾರು 2% ಏರುತ್ತ ಹೋಗಿ ಮೂವತ್ತನೆಯ ವರ್ಷಕ್ಕೆ 5.15 ಮುಟ್ಟುತ್ತದೆ. ಗಂಟು ನಡುವೆ ಎಲ್ಲೂ ಖಾಲಿಯಾಗುವುದಿಲ್ಲ. ಇದೇನೂ ಕಾಕತಾಳೀಯವಲ್ಲ, ಸೂತ್ರದ ಗುಣವೇ ಅದು: ಗಳಿಕೆ ಅಂದುಕೊಂಡದ್ದಕ್ಕಿಂತ ಹೆಚ್ಚಾದರೆ ಮುಂದಿನ ವರ್ಷದ ಮೊತ್ತ ಅಷ್ಟರಮಟ್ಟಿಗೆ ಏರುತ್ತದೆ, ಕಡಿಮೆಯಾದರೆ ಅಷ್ಟರಮಟ್ಟಿಗೆ ಇಳಿಯುತ್ತದೆ. r ಅನ್ನು ತಪ್ಪಾಗಿ ಊಹಿಸಿದರೂ ಕಂತು ತಾನೇ ತಿದ್ದಿಕೊಳ್ಳುತ್ತದೆ.

ಆದರೆ 4.95ರಿಂದ 3.12 ಎಂದರೆ ಮೂರೇ ವರ್ಷದಲ್ಲಿ ಖರ್ಚನ್ನು ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಇಳಿಸಬೇಕು. ಹೇಳುವುದು ಸುಲಭ. ಹಣ ಬರಿದಾಗುವ ಅಪಾಯ ಮಾಯವಾಗಲಿಲ್ಲ, ಅದು ಜೀವನಮಟ್ಟ ಕುಸಿಯುವ ಅಪಾಯವಾಗಿ ವೇಷ ಬದಲಿಸಿತು, ಅಷ್ಟೇ. ಹಾಗಾಗಿ ನಿವೃತ್ತರಾಗುವ ಮುನ್ನ ದರಕ್ಕಿಂತ ಮೊದಲು ಗೊತ್ತಿರಬೇಕಾದ ಅಂಕಿ ಒಂದಿದೆ: ನಮ್ಮ ಖರ್ಚಿನಲ್ಲಿ ಕಡಿಮೆ ಮಾಡಲಾಗದ್ದು ಎಷ್ಟು? ಊಟ, ಮನೆ, ಔಷಧ, ವಿಮೆಯ ಕಂತು. ತೆಗೆಯುವ 5ರಲ್ಲಿ ಇವು 3 ಆಗಿದ್ದರೆ ಅಕ್ಕ ಪ್ರವಾಸ ಬಿಟ್ಟು, ಮನೆಯ ದುರಸ್ತಿ ಮುಂದೂಡಿ ಆ ಕೆಟ್ಟ ವರ್ಷಗಳನ್ನು ದಾಟುತ್ತಾಳೆ. ಇವೇ 4.5 ಆಗಿದ್ದರೆ ಈ ಸೂತ್ರ ಕಾಗದದ ಮೇಲೆ ಮಾತ್ರ ಕೆಲಸ ಮಾಡುತ್ತದೆ. ಅಂಥವರು ಬೇರೆ ಪಿಂಚಣಿ ಏನೂ ಇಲ್ಲದೆ ಆನ್ಯುಟಿಯನ್ನು ಪೂರ್ತಿ ತಳ್ಳಿಹಾಕುವುದು ನನಗೆ ಸರಿ ಕಾಣುವುದಿಲ್ಲ.

ಏಕೆಂದರೆ ಆನ್ಯುಟಿ ಕೊಡುವ ಒಂದನ್ನು ಯಾವ ಹೂಡಿಕೆಯೂ ಕೊಡಲಾರದು. ಒಂದೇ ವಯಸ್ಸಿನ ನೂರು ಹಿರಿಯರು ತಲಾ 100 ಹಾಕಿ ಒಂದು ಕೂಟ ಮಾಡಿಕೊಂಡರು ಎನ್ನಿ. ವರ್ಷದ ಕೊನೆಗೆ ಬದುಕಿರುವವರು ಅದನ್ನು ಹಂಚಿಕೊಳ್ಳುವುದು ಒಪ್ಪಂದ. ಆ ವರ್ಷ ಐವರು ತೀರಿಕೊಂಡರೆ ಉಳಿದ 95 ಜನರಿಗೆ ತಲಾ 105.26 ಸಿಗುತ್ತದೆ. ಹಣ ಒಂದು ದಿನವೂ ಬಡ್ಡಿಗೆ ಹೋಗಿಲ್ಲ, ಆದರೂ 5%ಕ್ಕಿಂತ ಹೆಚ್ಚು ಬಂದಿತು. ವಯಸ್ಸು ಏರಿದಂತೆ ಈ ಪಾಲೂ ಏರುತ್ತದೆ. ಒಂಟಿಯಾಗಿ ಗಂಟು ನಿಭಾಯಿಸುವವರಿಗೆ ಇದು ಇಲ್ಲ. ಅವರು ಸರಾಸರಿ ಆಯಸ್ಸಿಗೆ ಹಣ ಇಟ್ಟುಕೊಂಡರೆ ಸಾಲದು, ತಾವು ಬದುಕಬಹುದಾದ ಅತಿ ದೀರ್ಘ ಆಯಸ್ಸಿಗೆ ಇಟ್ಟುಕೊಳ್ಳಬೇಕು.

ಅದರ ಬೆಲೆಯನ್ನೂ ಅದೇ ಸೂತ್ರ ಹೇಳುತ್ತದೆ. ಗಳಿಕೆ 2% ಎಂದಿಟ್ಟು 20 ವರ್ಷಕ್ಕೆ ಲೆಕ್ಕ ಹಾಕಿದರೆ ವರ್ಷಕ್ಕೆ 6.0 ತೆಗೆಯಬಹುದು. 30 ವರ್ಷಕ್ಕೆ 4.4. ಇನ್ನೂ ಇಪ್ಪತ್ತು ವರ್ಷ ಬದುಕುವುದು ಸಹಜ, ಆದರೆ ಮೂವತ್ತೂ ಆದೀತು ಎಂದು ಎಚ್ಚರ ವಹಿಸುವವರು ಅದಕ್ಕಾಗಿ ಪ್ರತಿ ವರ್ಷ 1.6 ಬಿಟ್ಟುಕೊಡುತ್ತಾರೆ. 40 ವರ್ಷಕ್ಕೆ 3.6, ಅಂದರೆ ಮುಂದಿನ ಹತ್ತು ವರ್ಷದ ಎಚ್ಚರಕ್ಕೆ 0.8 ಮಾತ್ರ. ಕಾಲ ಉದ್ದವಾದಂತೆ ದರ ಇಳಿಯುವ ವೇಗ ಕಡಿಮೆಯಾಗುತ್ತದೆ. ಬೇಗ ನಿವೃತ್ತರಾಗುವವರಿಗೆ ಇದೊಂದು ಸಮಾಧಾನ.

ಅರವತ್ತರಲ್ಲಿ ಕೊಳ್ಳದಿದ್ದರೆ ಆನ್ಯುಟಿಯ ಬಾಗಿಲು ಮುಚ್ಚುವುದೂ ಇಲ್ಲ. ವಿಮಾ ಕಂಪನಿ ಒಪ್ಪುವ ವಯೋಮಿತಿಯೊಳಗೆ ಎಪ್ಪತ್ತೈದರಲ್ಲೋ ಎಂಬತ್ತರಲ್ಲೋ ಗಂಟಿನ ಒಂದು ಭಾಗಕ್ಕೆ ಕೊಳ್ಳಬಹುದು, ಆಗ ಅದೇ ಹಣಕ್ಕೆ ಸಿಗುವ ವಾರ್ಷಿಕ ಮೊತ್ತವೂ ಸಾಮಾನ್ಯವಾಗಿ ಹೆಚ್ಚು. ಆದರೆ ಅಷ್ಟು ಹೊತ್ತಿಗೆ ಕೊಳ್ಳಲು ಗಂಟು ಉಳಿದಿರಬೇಕು. 5 ತೆಗೆಯುತ್ತಲೇ ಹೋದ ಅಕ್ಕನ ಬಳಿ ಅರವತ್ತಕ್ಕೆ ನಿವೃತ್ತಳಾಗಿದ್ದರೆ ಎಂಬತ್ತರಲ್ಲಿ ಏನೂ ಇರುವುದಿಲ್ಲ.

ಇನ್ನೊಂದು ವಿಷಯ ಈ ಲೆಕ್ಕಗಳ ನಡುವೆ ಮರೆತುಹೋಗುತ್ತದೆ. ಪ್ರತಿ ವರ್ಷ ಸೂತ್ರ ಹಾಕಿ, ಎಷ್ಟು ತೆಗೆಯಬೇಕೆಂದು ತೀರ್ಮಾನಿಸಿ, ಯಾವುದನ್ನು ಮಾರಬೇಕೆಂದು ಆರಿಸುವವರು ಯಾರು? ಅರವತ್ತೆರಡರಲ್ಲಿ ಇದು ಅರ್ಧ ಗಂಟೆಯ ಕೆಲಸ. ಎಂಬತ್ತಾರರಲ್ಲಿ ಹಾಗಿರುವುದಿಲ್ಲ, ನೆನಪು ಮಸುಕಾಗಿರಬಹುದು, ಲೆಕ್ಕ ನೋಡಿಕೊಳ್ಳುತ್ತಿದ್ದ ಪತಿಯೋ ಪತ್ನಿಯೋ ಇಲ್ಲವಾಗಿರಬಹುದು. ಆನ್ಯುಟಿ ಕೊಂಡವರಿಗೆ ಹಣ ತಾನಾಗಿ ಖಾತೆಗೆ ಬರುತ್ತದೆ. ಕೊಳ್ಳದವರು ಕೈ ಗಟ್ಟಿಯಿರುವಾಗಲೇ ಒಂದು ಹಾಳೆಯಲ್ಲಿ ಬರೆದು ಮನೆಯವರ ಕೈಗೆ ಕೊಡಬೇಕು: ಗಂಟು ಎಲ್ಲೆಲ್ಲಿದೆ, ಪ್ರತಿ ವರ್ಷ ಯಾವ ತಾರೀಖಿಗೆ ಉಳಿಕೆ ನೋಡಬೇಕು, r ಎಷ್ಟು ಎಂದು ಇಟ್ಟುಕೊಂಡಿದ್ದೇವೆ, n ಯಾವ ವಯಸ್ಸಿನವರೆಗೆ, ಮೊದಲು ಯಾವುದನ್ನು ಮಾರಬೇಕು, ಖರ್ಚಿನಲ್ಲಿ ಯಾವುದನ್ನು ಯಾವ ಕಾರಣಕ್ಕೂ ಇಳಿಸಬಾರದು, ಮತ್ತು ಸೂತ್ರ ಕೊಡುವ ಮೊತ್ತ ಆ ಕಡಿಮೆ ಮಾಡಲಾಗದ ಖರ್ಚಿನ ಹತ್ತಿರಕ್ಕೆ ಇಳಿದ ವರ್ಷ ಉಳಿದ ಗಂಟಿನಲ್ಲಿ ಎಷ್ಟು ಭಾಗಕ್ಕೆ ಆನ್ಯುಟಿ ಕೊಳ್ಳಬೇಕು.